ಎದೆಯ ಎಕ್ಸ್-ರೇಯಲ್ಲಿ ಅಂಚುಗಳನ್ನು ಹಿಡಿದು ಓದುವುದು: ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

ಎದೆಯ ಎಕ್ಸ್-ರೇ ನೋಡಲು ಕಲಿಯುವಾಗ ಕಣ್ಣು ಮೊದಲು ಹೋಗುವುದು ಬಿಳಿ ಮಚ್ಚೆಗಳ ಕಡೆ. ಎಲ್ಲಿ ಏನು ಜಾಸ್ತಿ ಬಿಳಿಯಾಗಿದೆ ಎಂದು ಹುಡುಕುತ್ತೇವೆ. ಆದರೆ ಆರಂಭದಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಅಭ್ಯಾಸ ಇನ್ನೊಂದಿದೆ. ಮಚ್ಚೆಗಳನ್ನು ಬಿಟ್ಟು ಅಂಚುಗಳನ್ನು ಹುಡುಕಿ. ಹೃದಯದ ಬಲ ಅಂಚು ಎಲ್ಲಿದೆ, ಎಡ ಅಂಚು ಎಲ್ಲಿದೆ, ವಪೆಯ ಗೆರೆ ಎಲ್ಲಿಂದ ಎಲ್ಲಿಯವರೆಗೆ ಕಾಣುತ್ತದೆ ಎಂದು ಒಂದೊಂದಾಗಿ ಹಿಂಬಾಲಿಸಿ. ಆರೋಗ್ಯವಂತರ ಫಿಲ್ಮಿನಲ್ಲಿ ಈ ಅಂಚುಗಳು ಎಲ್ಲಿರಬೇಕು ಎಂದು ಕಣ್ಣಿಗೆ ರೂಢಿಯಾದರೆ, ಒಂದು ಅಂಚು ಕಾಣೆಯಾದಾಗ ತಾನಾಗಿಯೇ ಗೊತ್ತಾಗುತ್ತದೆ.

ಈ ಬರಹ ವೈದ್ಯಕೀಯ, ನರ್ಸಿಂಗ್ ಮತ್ತು ರೇಡಿಯಾಲಜಿ ಟೆಕ್ನಾಲಜಿ ಓದುತ್ತಿರುವವರಿಗಾಗಿ. ದೊಡ್ಡವರ, ನಿಂತು ತೆಗೆದ, ಮುಂದಿನಿಂದ ಕಾಣುವ ಫಿಲ್ಮನ್ನಷ್ಟೇ ತೆಗೆದುಕೊಂಡಿದ್ದೇನೆ. ನಿಮ್ಮದೇ ಫಿಲ್ಮ್ ಕೈಯಲ್ಲಿ ಹಿಡಿದು ಓದುತ್ತಿದ್ದರೆ, ಅದರ ತೀರ್ಮಾನವನ್ನು ನಿಮ್ಮ ವೈದ್ಯರಿಗೇ ಬಿಡಿ. ಅವರು ಫಿಲ್ಮಿನ ಜೊತೆಗೆ ನಿಮ್ಮನ್ನೂ ಪರೀಕ್ಷಿಸಿರುತ್ತಾರೆ.

ಅಂಚು ಕಾಣುವುದು ಏಕೆ?

ಎಕ್ಸ್-ರೇಯಲ್ಲಿ ಐದು ಬಗೆಯ ಛಾಯೆಗಳನ್ನು ಬೇರೆ ಮಾಡಿ ನೋಡಬಹುದು. ಗಾಳಿ ಕಪ್ಪಾಗಿ ಕಾಣುತ್ತದೆ. ಕೊಬ್ಬು ಕಡು ಬೂದು. ಸ್ನಾಯು, ರಕ್ತ, ನೀರು, ಹೃದಯ ಇವೆಲ್ಲ ಒಂದೇ ತರಹದ ತಿಳಿ ಬೂದು. ಎಲುಬು ಬಿಳಿ. ಲೋಹ ಅದಕ್ಕಿಂತಲೂ ಬಿಳಿ.

ಹೃದಯದ ಸ್ನಾಯು ಮತ್ತು ಅದರೊಳಗಿನ ರಕ್ತ ಒಂದೇ ಛಾಯೆ ಎಂಬುದನ್ನು ಗಮನಿಸಿ. ಆದ್ದರಿಂದಲೇ ಸಾದಾ ಎಕ್ಸ್-ರೇಯಲ್ಲಿ ಹೃದಯದ ಒಳಗಿನ ಗೋಡೆಗಳು ಕಾಣುವುದಿಲ್ಲ. ಹೊರ ಅಂಚು ಮಾತ್ರ ಕಾಣುತ್ತದೆ, ಏಕೆಂದರೆ ಅದರ ಪಕ್ಕದಲ್ಲಿ ಗಾಳಿ ತುಂಬಿದ ಶ್ವಾಸಕೋಶ ಇದೆ. ಆ ಜಾಗದ ಶ್ವಾಸಕೋಶದಲ್ಲಿ ಗಾಳಿಯ ಬದಲು ಕೀವೋ ನೀರೋ ತುಂಬಿತು ಅನ್ನಿ. ಆಗ ಎರಡೂ ಬದಿ ಒಂದೇ ಛಾಯೆಯಾಗುತ್ತದೆ. ಬಿಳಿ ಗೋಡೆಯ ಮೇಲೆ ಸುಣ್ಣದಲ್ಲಿ ಎಳೆದ ಗೆರೆಯ ಹಾಗೆ ಅಂಚು ಕಣ್ಣಿಗೆ ಸಿಗುವುದೇ ಇಲ್ಲ. ಇದನ್ನು ಸಿಲೂಯೆಟ್ ಚಿಹ್ನೆ ಎನ್ನುತ್ತಾರೆ. ಬೆಂಜಮಿನ್ ಫೆಲ್ಸನ್ ಮತ್ತು ಹೆನ್ರಿ ಫೆಲ್ಸನ್ 1950ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಹೆಸರು ಬಳಕೆಗೆ ಬಂತು.

ಇನ್ನೊಂದು ಷರತ್ತೂ ಇದೆ. ಅಂಗದ ಮೈಯನ್ನು ಎಕ್ಸ್-ರೇ ಕಿರಣ ಸವರಿಕೊಂಡು ಹೋದರೆ ಮಾತ್ರ ಅಂಚು ಚೂಪಾಗಿ ಕಾಣುತ್ತದೆ. ಕಿರಣ ಎದುರಿನಿಂದ ಬಂದು ನೇರವಾಗಿ ಹಾದುಹೋದರೆ ಗೆರೆ ಮೂಡುವುದಿಲ್ಲ. ಬಲ ಹೃತ್ಕುಕ್ಷಿಯನ್ನು ನೋಡಿ. ಅದು ಹೃದಯದ ಮುಂಭಾಗದಲ್ಲಿ ದೊಡ್ಡದಾಗಿಯೇ ಇದೆ. ಆದರೆ ಮುಂದಿನಿಂದ ಕಾಣುವ ಫಿಲ್ಮಿನಲ್ಲಿ ಅದು ಯಾವ ಪಕ್ಕದ ಅಂಚನ್ನೂ ಮಾಡುವುದಿಲ್ಲ. ಹೃದಯದ ಬಲ ಅಂಚನ್ನು ಬಲ ಹೃತ್ಕುಕ್ಷಿ ಎಂದು ಬರೆಯುವುದು ಹೊಸಬರ ಉತ್ತರ ಪತ್ರಿಕೆಗಳಲ್ಲಿ ತುಂಬಾ ಸಾಮಾನ್ಯ. ಅದು ಬಲ ಹೃತ್ಕರ್ಣ.

ಹಂತ 1: ಫಿಲ್ಮ್ ನಂಬಬಹುದೇ ನೋಡಿ

ಅಂಚುಗಳಿಗೆ ಕೈಹಾಕುವ ಮೊದಲು ಫಿಲ್ಮನ್ನು ಹೇಗೆ ತೆಗೆದಿದ್ದಾರೆ ಎಂದು ತಿಳಿಯಬೇಕು. ತಪ್ಪು ಭಂಗಿಯಲ್ಲಿ ತೆಗೆದ ಫಿಲ್ಮಿನಲ್ಲಿ ಚೆನ್ನಾಗಿರುವ ಅಂಚೂ ಕೆಟ್ಟಂತೆ ಕಾಣುತ್ತದೆ.

ಹೆಸರು, ದಿನಾಂಕ, ಬದಿಯ ಗುರುತು ಮೊದಲು. ಬದಿಯ ಗುರುತನ್ನು ನೋಡದೆ, ಹೃದಯದ ತುದಿ ಇರುವ ಕಡೆಯೇ ಎಡ ಎಂದುಕೊಳ್ಳಬೇಡಿ. ಹುಟ್ಟಿನಿಂದಲೇ ಹೃದಯ ಬಲಗಡೆ ಇರುವವರೂ ಇದ್ದಾರೆ. ಫಿಲ್ಮನ್ನು ನೋಡುವಾಗ ರೋಗಿ ನಿಮ್ಮ ಎದುರಿಗೆ ನಿಂತಂತೆ ಅಂದುಕೊಳ್ಳಬೇಕು. ಅವರ ಬಲ ನಿಮ್ಮ ಎಡಗಡೆ ಇರುತ್ತದೆ.

ಆಮೇಲೆ ಅದು ಪಿಎ ಫಿಲ್ಮೋ ಎಪಿ ಫಿಲ್ಮೋ ನೋಡಿ. ಪಿಎ ಎಂದರೆ ಕಿರಣ ಬೆನ್ನಿನಿಂದ ಎದೆಯ ಕಡೆ ಬಂದಿದೆ. ಎದೆ ಡಿಟೆಕ್ಟರಿಗೆ ಒತ್ತಿಕೊಂಡಿರುತ್ತದೆ, ಟ್ಯೂಬು ಸಾಮಾನ್ಯವಾಗಿ 180 ಸೆಂ.ಮೀ. ದೂರದಲ್ಲಿರುತ್ತದೆ. ಹೃದಯ ಡಿಟೆಕ್ಟರಿಗೆ ಹತ್ತಿರ ಇರುವುದರಿಂದ ಅದರ ಗಾತ್ರ ಹೆಚ್ಚು ಹಿಗ್ಗುವುದಿಲ್ಲ. ಎಪಿ ಎಂದರೆ ಉಲ್ಟಾ. ಹಾಸಿಗೆ ಹಿಡಿದವರಿಗೆ ಪೋರ್ಟಬಲ್ ಯಂತ್ರದಲ್ಲಿ ತೆಗೆಯುವುದು ಹೀಗೆಯೇ. ಅದರಲ್ಲಿ ಹೃದಯ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮುಂದೆ ಹೇಳುವ ಹೃದಯದ ಅಳತೆ ಪಿಎ ಫಿಲ್ಮಿಗೆ ಮಾತ್ರ.

ಮೂರನೆಯದು, ಉಸಿರು. ಪೂರ್ತಿ ಉಸಿರು ಎಳೆದಿದ್ದರೆ ಬಲ ವಪೆಯ ಮೇಲೆ ಹಿಂಬದಿಯ ಪಕ್ಕೆಲುಬುಗಳು ಒಂಬತ್ತೋ ಹತ್ತೋ ಸಿಗುತ್ತವೆ. ಮುಂಬದಿಯದನ್ನು ಎಣಿಸಿದರೆ ಆರು ಸಿಗುತ್ತವೆ. ಎಣಿಸುವಾಗ ಗೊಂದಲ ಆಗುವುದು ಸಹಜ. ಹಿಂಬದಿಯ ಎಲುಬುಗಳು ಬೆನ್ನುಮೂಳೆಯಿಂದ ಹೊರಟು ಹೆಚ್ಚುಕಡಿಮೆ ಅಡ್ಡಡ್ಡ ಹೋಗುತ್ತವೆ, ಅವು ಹೆಚ್ಚು ಸ್ಪಷ್ಟ. ಮುಂಬದಿಯವು ಹೊರಗಿನಿಂದ ಒಳಕ್ಕೆ, ಕೆಳಮುಖವಾಗಿ ಇಳಿದು ನಡುವೆಯೇ ಮಾಯವಾಗುತ್ತವೆ. ಅಲ್ಲಿಂದ ಮುಂದೆ ಮೃದ್ವಸ್ಥಿ ಇರುವುದರಿಂದ ಅದು ಕಾಣುವುದಿಲ್ಲ. ಉಸಿರು ಪೂರ್ತಿ ಎಳೆಯದ ಫಿಲ್ಮಿನಲ್ಲಿ ವಪೆ ಮೇಲೇರಿರುತ್ತದೆ, ಹೃದಯ ಅಗಲವಾಗುತ್ತದೆ, ಶ್ವಾಸಕೋಶದ ಬುಡದಲ್ಲಿ ರಕ್ತನಾಳಗಳು ಒತ್ತಾಗಿ ಸೇರಿ ಮಸುಕು ಮಸುಕಾಗುತ್ತವೆ. ಅದನ್ನು ನ್ಯುಮೋನಿಯಾ ಎಂದುಕೊಳ್ಳುವ ಸಾಧ್ಯತೆ ಬಹಳ.

ನಾಲ್ಕನೆಯದು, ರೋಗಿ ತಿರುಗಿ ನಿಂತಿದ್ದಾರೆಯೇ ಎಂಬುದು. ಎರಡು ಕೊರಳೆಲುಬುಗಳ ಒಳತುದಿ ಗುರುತಿಸಿ. ಅವುಗಳ ನಡುವೆ ಬೆನ್ನುಮೂಳೆಯ ಹಿಂಬದಿಯ ಮುಳ್ಳು ಒಂದು ಸಣ್ಣ ಕಣ್ಣೀರಿನ ಹನಿಯಾಕಾರದಲ್ಲಿ ಕಾಣುತ್ತದೆ. ಆ ಮುಳ್ಳಿನಿಂದ ಎರಡೂ ತುದಿಗಳಿಗೆ ದೂರ ಸಮವಾಗಿರಬೇಕು. ಈ ಪರೀಕ್ಷೆಯನ್ನು ಯಾವತ್ತೂ ಬಿಡಬೇಡಿ. ಸ್ವಲ್ಪ ತಿರುಗಿದರೂ ಹೃದಯದ ಬಲ ಅಂಚು ಬೆನ್ನುಮೂಳೆಯ ನೆರಳಿನೊಳಗೆ ಸೇರಿಕೊಂಡು ಇಲ್ಲವೇ ಇಲ್ಲ ಅನ್ನಿಸಬಹುದು.

ಕೊನೆಗೆ ಕಿರಣದ ಪ್ರಮಾಣ. ಹೃದಯದ ಹಿಂದೆ ಬೆನ್ನೆಲುಬಿನ ಗೆರೆಗಳು ಮಸುಕಾಗಿ ಕಂಡರೆ ಸರಿ. ಅಲ್ಲಿ ಏನೂ ಕಾಣದೆ ಪೂರ್ತಿ ಬಿಳಿಯಾಗಿದ್ದರೆ ಎಡ ವಪೆಯನ್ನು ನೋಡಲು ಆಗುವುದಿಲ್ಲ.

ಹಂತ 2: ಶ್ವಾಸನಾಳದಿಂದ ಶುರು ಮಾಡಿ

ಕುತ್ತಿಗೆಯ ನಡುವೆ ಮೇಲಿನಿಂದ ಕೆಳಗೆ ಬರುವ ಕಪ್ಪು ಪಟ್ಟಿಯೇ ಶ್ವಾಸನಾಳ. ಅದು ನಡುವಿನಲ್ಲಿರಬೇಕು. ಆದರೆ ಮಹಾಪಧಮನಿಯ ಬಾಗು ಬರುವ ಎತ್ತರದಲ್ಲಿ ತುಸು ಬಲಕ್ಕೆ ಸರಿದಿರುವುದು ಸಹಜ, ಆ ಬಾಗು ಎಡದಿಂದ ಅದನ್ನು ಸ್ವಲ್ಪ ತಳ್ಳಿರುತ್ತದೆ. ಇದನ್ನು ರೋಗ ಎಂದು ಬರೆಯಬೇಡಿ.

ಶ್ವಾಸನಾಳದ ಬಲಗೋಡೆಯ ಮೇಲೆ ಕಣ್ಣು ನಿಲ್ಲಿಸಿ. ಒಳಗೆ ಗಾಳಿ, ಹೊರಗೆ ಬಲ ಶ್ವಾಸಕೋಶದ ಗಾಳಿ. ಎರಡರ ನಡುವಿನ ಗೋಡೆ ತೆಳ್ಳನೆಯ ಬೂದು ಪಟ್ಟಿಯಾಗಿ ಕಾಣುತ್ತದೆ. ಅದರ ದಪ್ಪ 4 ಮಿ.ಮೀ.ಗಿಂತ ಕಡಿಮೆ ಇರಬೇಕು. ಎಡಗಡೆ ಇಂತಹ ಪಟ್ಟಿ ಸಾಮಾನ್ಯವಾಗಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಶ್ವಾಸನಾಳಕ್ಕೂ ಶ್ವಾಸಕೋಶಕ್ಕೂ ನಡುವೆ ದೊಡ್ಡ ರಕ್ತನಾಳಗಳು ಬಂದು ಕೂತಿವೆ.

ಕೆಳಗೆ ಬಂದರೆ ಶ್ವಾಸನಾಳ ಎರಡಾಗಿ ಕವಲೊಡೆಯುತ್ತದೆ. ಆ ಕವಲಿಗೆ ಕರೈನಾ ಎನ್ನುತ್ತಾರೆ. ಬಲದ ಕವಲು ಹೆಚ್ಚು ನೆಟ್ಟಗೆ ಇಳಿಯುತ್ತದೆ, ಎಡದ್ದು ಹೆಚ್ಚು ಓರೆ ಮತ್ತು ಉದ್ದ.

ಹಂತ 3: ಬಲ ಅಂಚನ್ನು ಮೇಲಿನಿಂದ ಕೆಳಗೆ

ಈಗ ಬೆರಳನ್ನೋ ಪರದೆಯ ಮೇಲಿನ ಬಾಣವನ್ನೋ ಬಲ ಕೊರಳೆಲುಬಿನ ಒಳತುದಿಯ ಹತ್ತಿರ ಇಟ್ಟು ಕೆಳಗೆ ಬನ್ನಿ. ಮೊದಲು ಸಿಗುವುದು ಹೆಚ್ಚುಕಡಿಮೆ ನೇರವಾದ, ಅಷ್ಟೇನೂ ಗಾಢವಲ್ಲದ ಅಂಚು. ಅದು ಮೇಲಿನ ಮಹಾಸಿರೆ. ವಯಸ್ಸಾದವರಲ್ಲಿ ಇದರ ಕೆಳಭಾಗದಲ್ಲಿ ಮೇಲೇರುವ ಮಹಾಪಧಮನಿ ಹೊರಕ್ಕೆ ಉಬ್ಬಿಕೊಂಡಿರಬಹುದು. ಆಗ ಅಂಚು ನೇರವಾಗಿರದೆ ತುಸು ಬಾಗುತ್ತದೆ.

ಅದಕ್ಕೂ ಕೆಳಗೆ ಹೊರಕ್ಕೆ ಉಬ್ಬಿದ, ನಯವಾದ ಬಿಲ್ಲಿನಂತಹ ಅಂಚು ಬರುತ್ತದೆ. ಇದೇ ಬಲ ಹೃತ್ಕರ್ಣ. ಇದು ಬೆನ್ನೆಲುಬಿನ ಬಲ ಅಂಚನ್ನು ದಾಟಿ ಹೊರಗೆ ಕಾಣಬೇಕು. ಈ ಅಂಚನ್ನು ಮುಟ್ಟಿಕೊಂಡಿರುವುದು ಬಲ ಶ್ವಾಸಕೋಶದ ನಡುವಿನ ಹಾಲೆ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಬಲ ಹೃತ್ಕರ್ಣದ ಅಂಚು ಅಳಿಸಿಹೋದರೆ ಅನುಮಾನ ಮೊದಲು ಹೋಗಬೇಕಾದುದು ನಡುವಿನ ಹಾಲೆಯ ಕಡೆ. ಕೆಳಗಿನ ಹಾಲೆ ಹೃದಯದ ಹಿಂದೆ ಇದೆ, ಹೃತ್ಕರ್ಣದ ಈ ಅಂಚನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಬಲ ಬುಡದಲ್ಲಿ ಬಿಳುಪು ಇದ್ದೂ ಹೃದಯದ ಅಂಚು ಚೂಪಾಗಿಯೇ ಉಳಿದಿದ್ದರೆ, ತೊಂದರೆ ಬಹುಶಃ ಕೆಳಗಿನ ಹಾಲೆಯಲ್ಲಿದೆ.

ಹೃತ್ಕರ್ಣ ಮುಗಿದು ವಪೆ ಸೇರುವ ಮೂಲೆಯಲ್ಲಿ ಕೆಲವರಲ್ಲಿ ಒಂದು ಗಿಡ್ಡ ಅಂಚು ಸಿಗುತ್ತದೆ. ಅದು ಕೆಳಗಿನ ಮಹಾಸಿರೆ. ಆ ಮೂಲೆಯಲ್ಲಿ ಕೊಬ್ಬಿನ ಗಡ್ಡೆ ಕೂತು ಮಬ್ಬಾಗಿರುವುದೂ ಉಂಟು. ಕೊಬ್ಬು ಹೃದಯಕ್ಕಿಂತ ತುಸು ಕಪ್ಪಾಗಿರುವುದರಿಂದ, ಗಮನವಿಟ್ಟು ನೋಡಿದರೆ ಅದರ ಒಳಗಿಂದ ಹೃದಯದ ನಿಜವಾದ ಅಂಚು ಕಾಣಬಹುದು.

ಹಂತ 4: ವಪೆಯ ಎರಡು ಕಮಾನುಗಳು

ಬಲ ವಪೆ ಪೂರ್ತಿಯಾಗಿ ಕಾಣಬೇಕು. ಒಳಗೆ ಹೃದಯದ ಮೂಲೆಯಿಂದ ಹೊರಟು, ಕಮಾನಾಗಿ ಏರಿ, ಹೊರಗೆ ಪಕ್ಕೆಯ ಮೂಲೆಯಲ್ಲಿ ಚೂಪಾಗಿ ಇಳಿಯಬೇಕು. ಅದರ ಕೆಳಗೆ ಯಕೃತ್ತಿನ ಬಿಳುಪು. ಬಲ ವಪೆ ಎಡಕ್ಕಿಂತ ಸಾಮಾನ್ಯವಾಗಿ 1.5ರಿಂದ 2 ಸೆಂ.ಮೀ. ಎತ್ತರದಲ್ಲಿರುತ್ತದೆ. ಕೆಲವು ಆರೋಗ್ಯವಂತರಲ್ಲಿ ಎರಡೂ ಸಮವಾಗಿರುತ್ತವೆ, ಅಪರೂಪಕ್ಕೆ ಎಡವೇ ತುಸು ಮೇಲಿರುತ್ತದೆ.

ಎಡ ವಪೆಯ ಕೆಳಗೆ ಹೊಟ್ಟೆಯ ಗಾಳಿಗುಳ್ಳೆ ಕಪ್ಪಗೆ ಕಾಣುತ್ತದೆ. ಎಡ ವಪೆಯನ್ನು ಗುರುತಿಸಲು ಅದೇ ಒಳ್ಳೆಯ ಗುರುತು. ಈಗ ಹೊಸಬರು ಬಿಟ್ಟುಬಿಡುವ ಒಂದು ಕೆಲಸ ಮಾಡಿ. ಎಡ ವಪೆಯ ಗೆರೆಯನ್ನು ಹೊರಗಿನಿಂದ ಒಳಕ್ಕೆ ಹಿಂಬಾಲಿಸಿ, ಹೃದಯದ ಅಂಚು ಸಿಕ್ಕಿದ ಮೇಲೂ ನಿಲ್ಲಿಸಬೇಡಿ. ಸರಿಯಾಗಿ ತೆಗೆದ ಫಿಲ್ಮಿನಲ್ಲಿ ಹೃದಯದ ಬಿಳುಪಿನ ಒಳಗೂ ಆ ಗೆರೆ ಮುಂದುವರಿದು ಬೆನ್ನೆಲುಬಿನ ಹತ್ತಿರದವರೆಗೆ ಹೋಗುತ್ತದೆ. ಹೃದಯದ ಹಿಂದೆ ಎಡ ಶ್ವಾಸಕೋಶದ ಕೆಳಗಿನ ಹಾಲೆ ಗಾಳಿ ತುಂಬಿಕೊಂಡು ವಪೆಯ ಮೇಲೆ ಕೂತಿರುವುದರಿಂದ ಹೀಗೆ ಕಾಣುತ್ತದೆ. ಗೆರೆ ಹೃದಯದ ಅಂಚಿನಲ್ಲೇ ತುಂಡಾದರೆ ಆ ಹಾಲೆಯ ಬಗ್ಗೆ ಅನುಮಾನ ಪಡಬೇಕು. ಹೃದಯದ ಹಿಂದೆ ಅಡಗಿದ ತೊಂದರೆಗಳು ಎಷ್ಟೋ ಸಲ ಸಿಕ್ಕಿಬೀಳುವುದು ಈ ಒಂದು ಗೆರೆಯಿಂದಲೇ.

ಪಕ್ಕೆಯ ಮೂಲೆಗಳು ಎರಡೂ ಚೂಪಾಗಿರಬೇಕು. ಮೂಲೆ ಚೂಪಾಗಿದೆ ಎಂದ ಮಾತ್ರಕ್ಕೆ ಎದೆಯಲ್ಲಿ ನೀರಿಲ್ಲ ಎಂದು ಖಚಿತವಾಗಿ ಹೇಳಲಾಗದು. ಮುಂದಿನಿಂದ ತೆಗೆದ ಫಿಲ್ಮಿನಲ್ಲಿ ಈ ಮೂಲೆ ಮೊಂಡಾಗಲು ಸುಮಾರು 200 ಮಿ.ಲೀ. ನೀರು ಬೇಕಾಗುತ್ತದೆ. ಅದಕ್ಕಿಂತ ಕಡಿಮೆ ನೀರು ಹಿಂಬದಿಯ, ಇನ್ನೂ ಆಳವಾದ ಮೂಲೆಯಲ್ಲಿ ಮೊದಲು ಸೇರುತ್ತದೆ. ಪಕ್ಕದಿಂದ ತೆಗೆದ ಫಿಲ್ಮಿನಲ್ಲಿ ಅದು ಬೇಗ ಗೊತ್ತಾಗುತ್ತದೆ. ಹಿಂಬದಿಯ ಶ್ವಾಸಕೋಶ ವಪೆಯ ಕಮಾನಿಗಿಂತ ಕೆಳಗೂ ಇಳಿದಿರುತ್ತದೆ ಎಂಬುದನ್ನೂ ಮರೆಯಬೇಡಿ. ಕಮಾನಿನ ಕೆಳಗಿನ ಬಿಳುಪಿನಲ್ಲಿ ತೆಳುವಾದ ರಕ್ತನಾಳಗಳು ಕಂಡರೆ ಅದು ಶ್ವಾಸಕೋಶವೇ.

ಹಂತ 5: ಎಡ ಅಂಚನ್ನು ಕೆಳಗಿನಿಂದ ಮೇಲಕ್ಕೆ

ಎಡ ಅಂಚಿನಲ್ಲಿ ಉಬ್ಬುತಗ್ಗು ಜಾಸ್ತಿ. ಕೆಳಗಿನಿಂದ ಹೋಗುವುದೇ ಸುಲಭ. ಮೊದಲು ದೊಡ್ಡ, ಉದ್ದವಾದ ಉಬ್ಬು, ಅದು ಎಡ ಹೃತ್ಕುಕ್ಷಿ. ಇದನ್ನು ಮುಟ್ಟಿಕೊಂಡಿರುವುದು ಲಿಂಗುಲಾ. ಎಡ ಶ್ವಾಸಕೋಶಕ್ಕೆ ನಡುವಿನ ಹಾಲೆ ಇಲ್ಲ, ಎರಡೇ ಹಾಲೆ. ಮೇಲಿನ ಹಾಲೆಯ ಕೆಳತುದಿಯೇ ಲಿಂಗುಲಾ. ಹಾಗಾಗಿ ಎಡ ಹೃತ್ಕುಕ್ಷಿಯ ಅಂಚು ಮಸುಕಾದರೆ ನೋಡಬೇಕಾದುದು ಎಡ ಮೇಲಿನ ಹಾಲೆಯ ಈ ಭಾಗವನ್ನು. ಜಾಗ ಕೆಳಗಿದೆ ಎಂದು ಕೆಳಗಿನ ಹಾಲೆ ಎಂದು ಬರೆದರೆ ತಪ್ಪಾಗುತ್ತದೆ.

ಹೃತ್ಕುಕ್ಷಿಯ ಮೇಲೆ ಅಂಚು ನೇರವಾಗಿರುತ್ತದೆ ಅಥವಾ ಸ್ವಲ್ಪ ಒಳಗೆ ಹೋಗುತ್ತದೆ. ಎಡ ಹೃತ್ಕರ್ಣದ ಕಿವಿಯಂತಹ ಸಣ್ಣ ಚೀಲ ಇಲ್ಲಿದೆ. ಈ ಜಾಗ ಸ್ಪಷ್ಟವಾಗಿ ಹೊರಕ್ಕೆ ಉಬ್ಬಿರಬಾರದು. ಅದರ ಮೇಲೆ ಶ್ವಾಸಕೋಶದ ಮುಖ್ಯ ಅಪಧಮನಿ. ಯುವಕ ಯುವತಿಯರಲ್ಲಿ, ಅದರಲ್ಲೂ ಯುವತಿಯರಲ್ಲಿ, ಇದು ತುಸು ಉಬ್ಬಿ ಕಂಡರೂ ಸಹಜವೇ.

ಇನ್ನೂ ಮೇಲೆ ಹೋದರೆ ಒಂದು ಸಣ್ಣ ತಗ್ಗು, ಆಮೇಲೆ ದುಂಡನೆಯ ಗುಬುಟು. ಗುಬುಟು ಎಂದರೆ ಮಹಾಪಧಮನಿಯ ಬಾಗು. ನಡುವಿನ ತಗ್ಗಿಗೆ ಅಯೋರ್ಟೋ-ಪಲ್ಮನರಿ ಕಿಟಕಿ ಎಂದು ಹೆಸರು. ಈ ಕಿಟಕಿಯ ಅಂಚು ಒಳಕ್ಕೆ ಬಾಗಿರಬೇಕು ಅಥವಾ ನೇರವಾಗಿರಬೇಕು. ಹೊರಕ್ಕೆ ಉಬ್ಬಿದ್ದರೆ ಅಲ್ಲಿ ದುಗ್ಧಗ್ರಂಥಿ ಊದಿಕೊಂಡಿರಬಹುದು.

ಗುಬುಟಿನಿಂದ ಕೆಳಕ್ಕೆ ಮತ್ತೊಂದು ಗೆರೆ ಹೊರಡುತ್ತದೆ, ಹೃದಯದ ಹಿಂದೆ ಬೆನ್ನೆಲುಬಿನ ಎಡಪಕ್ಕದಲ್ಲಿ ನೇರವಾಗಿ ಇಳಿಯುತ್ತದೆ. ಅದು ಇಳಿಯುವ ಮಹಾಪಧಮನಿಯ ಹೊರ ಅಂಚು. ಹೃದಯದ ಬಿಳುಪಿನೊಳಗಿಂದಲೇ ಅದನ್ನು ನೋಡಬೇಕು. ಎಡ ವಪೆಯ ಒಳಭಾಗದ ಗೆರೆಯ ಜೊತೆಗೆ ಇದೂ ಕಾಣುತ್ತಿದ್ದರೆ, ಹೃದಯದ ಹಿಂದಿನ ಶ್ವಾಸಕೋಶದಲ್ಲಿ ಗಾಳಿ ಚೆನ್ನಾಗಿದೆ ಎಂದು ಧೈರ್ಯವಾಗಿ ಹೇಳಬಹುದು.

ಹೃದಯದ ಅಗಲವನ್ನು ಈಗ ಅಳೆಯಿರಿ. ಬೆನ್ನೆಲುಬಿನ ನಡುವೆ ಒಂದು ನೆಟ್ಟ ಗೆರೆ ಎಳೆದುಕೊಳ್ಳಿ. ಅಲ್ಲಿಂದ ಬಲ ಅಂಚಿನ ಅತಿ ದೂರದ ಬಿಂದುವಿಗೆ ಎಷ್ಟು, ಎಡ ಅಂಚಿನ ಅತಿ ದೂರದ ಬಿಂದುವಿಗೆ ಎಷ್ಟು ಎಂದು ಅಳೆದು ಕೂಡಿಸಿ. ಅದನ್ನು ಪಕ್ಕೆಲುಬುಗಳ ಒಳ ಅಂಚಿನಿಂದ ಒಳ ಅಂಚಿಗೆ ಇರುವ ಎದೆಯ ಅತಿ ಹೆಚ್ಚಿನ ಅಗಲದಿಂದ ಭಾಗಿಸಿ. ದೊಡ್ಡವರ ಪಿಎ ಫಿಲ್ಮಿನಲ್ಲಿ ಇದು ಅರ್ಧಕ್ಕಿಂತ, ಅಂದರೆ 50%ಗಿಂತ ಜಾಸ್ತಿ ಇರಬಾರದು. ಹೃದಯದ ಸುಮಾರು ಮೂರನೇ ಒಂದು ಪಾಲು ನಡುಗೆರೆಯ ಬಲಕ್ಕೆ, ಉಳಿದದ್ದು ಎಡಕ್ಕೆ ಇರುತ್ತದೆ. ಈ ಹಂಚಿಕೆಯನ್ನು ನೆನಪಿಟ್ಟುಕೊಳ್ಳಿ, ಕೆಳಗಿನ ಉದಾಹರಣೆಯಲ್ಲಿ ಬೇಕಾಗುತ್ತದೆ.

ಹಂತ 6: ಹೈಲಮ್ ಮತ್ತು ಅಡ್ಡಗೆರೆ

ಹೃದಯದ ಎರಡೂ ಪಕ್ಕದಲ್ಲಿ, ರಕ್ತನಾಳಗಳು ಶ್ವಾಸಕೋಶ ಪ್ರವೇಶಿಸುವ ಜಾಗವೇ ಹೈಲಮ್. ಅಲ್ಲಿನ ಬಿಳುಪು ಬಹುಪಾಲು ರಕ್ತನಾಳಗಳದ್ದು. ಹೊಸಬರಿಗೆ ಪ್ರತಿ ಹೈಲಮ್ಮೂ ಗಡ್ಡೆಯಂತೆ ಕಾಣುತ್ತದೆ. ಹೀಗೆ ಮಾಡಿ: ಬಿಳುಪಿನ ಹೊರ ಅಂಚನ್ನು ನೋಡಿ. ಮೇಲಿನಿಂದ ಬರುವ ಸಿರೆಯೂ ಕೆಳಕ್ಕೆ ಇಳಿಯುವ ಅಪಧಮನಿಯೂ ಸೇರುವ ಕಡೆ ಅಂಚು ಒಳಕ್ಕೆ ಮಡಚಿ ಒಂದು ಕೋನ ಆಗುತ್ತದೆ. ಆ ಕೋನ ಉಳಿದಿದ್ದರೆ, ಬಿಳುಪು ಕವಲೊಡೆದು ಕ್ರಮೇಣ ತೆಳ್ಳಗಾಗುತ್ತಾ ಹೋದರೆ, ಅದು ರಕ್ತನಾಳವೇ. ಕೋನ ತುಂಬಿ ಗುಂಡಾಗಿದ್ದರೆ ಇನ್ನೊಬ್ಬರಿಗೆ ತೋರಿಸಿ.

ಎಡ ಹೈಲಮ್ ಬಲಕ್ಕಿಂತ ಸಾಮಾನ್ಯವಾಗಿ 1ರಿಂದ 1.5 ಸೆಂ.ಮೀ. ಎತ್ತರದಲ್ಲಿರುತ್ತದೆ. ಎಡ ಅಪಧಮನಿ ಎಡ ಶ್ವಾಸನಾಳದ ಕವಲಿನ ಮೇಲಿಂದ ಹತ್ತಿ ಇಳಿಯುವುದೇ ಇದಕ್ಕೆ ಕಾರಣ. ಕೆಲವರಲ್ಲಿ ಎರಡೂ ಒಂದೇ ಮಟ್ಟದಲ್ಲಿರಬಹುದು. ಬಲದ್ದು ಎಡಕ್ಕಿಂತ ಮೇಲಿದ್ದರೆ ಮಾತ್ರ ಅನುಮಾನ ಪಡಿ. ಮೇಲಿನ ಹಾಲೆ ಕುಗ್ಗಿ ಅದನ್ನು ಎಳೆದಿರಬಹುದು, ಇಲ್ಲವೇ ಎಡದ್ದು ಕೆಳಕ್ಕೆ ಜಾರಿರಬಹುದು.

ಬಲ ಹೈಲಮ್ಮಿನಿಂದ ಹೊರಗಡೆಗೆ ಕೂದಲೆಳೆಯಷ್ಟು ತೆಳ್ಳಗಿನ ಅಡ್ಡಗೆರೆ ಹಲವರಲ್ಲಿ ಕಾಣುತ್ತದೆ. ಮೇಲಿನ ಮತ್ತು ನಡುವಿನ ಹಾಲೆಗಳ ನಡುವಿನ ಬಿರುಕು ಅದು. ಪಕ್ಕೆಯ ಹತ್ತಿರ ಸುಮಾರು ಆರನೇ ಪಕ್ಕೆಲುಬಿನ ಮಟ್ಟದಲ್ಲಿ ಮುಗಿಯುತ್ತದೆ. ಇದು ಎಲ್ಲರಲ್ಲೂ ಕಾಣಲೇಬೇಕೆಂದಿಲ್ಲ. ಕಂಡಾಗ ಅದರ ಜಾಗ ಮುಖ್ಯ.

ಸಹಜವಾಗಿದ್ದೂ ಮೋಸ ಮಾಡುವ ಅಂಚುಗಳು

ಹೆಗಲ ಹಲಗೆಯ ಒಳ ಅಂಚು ಶ್ವಾಸಕೋಶದ ಮೇಲೆ ಬಿದ್ದರೆ, ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಗ್ಗಿದ ಗೆರೆಯಂತೆ ಕಾಣುತ್ತದೆ. ಗೆರೆಯನ್ನು ಮೇಲಕ್ಕೂ ಕೆಳಕ್ಕೂ ಹಿಂಬಾಲಿಸಿ. ಅದು ಶ್ವಾಸಕೋಶದ ಆಚೆ, ಎದೆಗೂಡಿನ ಹೊರಗೆ ಹೋಗಿ ಹೆಗಲನ್ನು ಸೇರಿದರೆ ಎಲುಬೇ. ಚರ್ಮದ ಮಡಿಕೆಯೂ ಹೀಗೆಯೇ ಕಾಡುತ್ತದೆ. ಅದರ ಗೆರೆಯ ಆಚೆಗೂ ರಕ್ತನಾಳಗಳು ಮುಂದುವರಿದಿರುತ್ತವೆ. ನಿಜವಾದ ಕುಗ್ಗುವಿಕೆಯಲ್ಲಿ ಆಚೆ ರಕ್ತನಾಳ ಇರುವುದಿಲ್ಲ.

ಬುಡದಲ್ಲಿ ದುಂಡನೆಯ ಸಣ್ಣ ಚುಕ್ಕಿ ಕಂಡರೆ ಅದು ಮೊಲೆತೊಟ್ಟಿನ ನೆರಳೂ ಆಗಿರಬಹುದು. ಎರಡೂ ಕಡೆ ಒಂದೇ ಮಟ್ಟದಲ್ಲಿದೆಯೇ ನೋಡಿ. ಒಂದೇ ಕಡೆ ಕಂಡರೆ ತೊಟ್ಟಿನ ಮೇಲೆ ಲೋಹದ ಗುರುತು ಅಂಟಿಸಿ ಮತ್ತೆ ತೆಗೆಸುತ್ತಾರೆ. ಚುಕ್ಕಿ ಗುರುತಿನ ಜಾಗದಲ್ಲೇ ಬಂದರೆ ಸಂಶಯ ತೀರುತ್ತದೆ. ಸ್ತನದ ನೆರಳಿನಿಂದ ಎರಡೂ ಬುಡಗಳು ಮಬ್ಬಾಗುವುದು, ಒಂದು ಸ್ತನ ತೆಗೆದವರಲ್ಲಿ ಆ ಕಡೆಯ ಶ್ವಾಸಕೋಶ ಹೆಚ್ಚು ಕಪ್ಪಾಗಿ ಕಾಣುವುದು, ಇವೂ ರೋಗವಲ್ಲ.

ಒಂದು ಫಿಲ್ಮನ್ನು ಪೂರ್ತಿ ಓದೋಣ

ಒಬ್ಬ ಇಪ್ಪತ್ತೈದರ ಆಸುಪಾಸಿನ ಯುವಕನ ಪಿಎ ಫಿಲ್ಮ್ ಎಂದುಕೊಳ್ಳಿ. ಕೆಲಸಕ್ಕೆ ಸೇರುವ ಮುಂಚಿನ ತಪಾಸಣೆ. ಜ್ವರವಿಲ್ಲ, ಕೆಮ್ಮಿಲ್ಲ. ಫಿಲ್ಮ್ ತೆರೆದ ಕೂಡಲೇ ಹೃದಯದ ಬಲ ಅಂಚು ಮಸುಕಾಗಿದೆ, ಅದರ ಪಕ್ಕದಲ್ಲಿ ಮಬ್ಬು ಬಿಳುಪಿದೆ. ನಡುವಿನ ಹಾಲೆಯ ನ್ಯುಮೋನಿಯಾ ಎಂದು ಬರೆಯಲು ಕೈ ತುರಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ.

ಮೊದಲು ಫಿಲ್ಮಿನ ಗುಣಮಟ್ಟ. ಬದಿಯ ಗುರುತು ಸರಿಯಿದೆ. ಹಿಂಬದಿಯ ಪಕ್ಕೆಲುಬು ಹತ್ತು ಸಿಗುತ್ತವೆ, ಉಸಿರು ಚೆನ್ನಾಗಿ ಎಳೆದಿದ್ದಾನೆ. ಬೆನ್ನುಮೂಳೆಯ ಮುಳ್ಳಿನಿಂದ ಬಲ ಕೊರಳೆಲುಬಿಗೆ 2.2 ಸೆಂ.ಮೀ., ಎಡಕ್ಕೆ 2.3 ಸೆಂ.ಮೀ. ಅಂದರೆ ತಿರುಗಿಲ್ಲ. ತಿರುಗಿದ್ದರಿಂದ ಅಂಚು ಕಾಣೆಯಾಗಿದೆ ಎನ್ನುವಂತಿಲ್ಲ.

ಈಗ ಹೃದಯದ ಅಳತೆ. ನಡುಗೆರೆಯಿಂದ ಬಲಕ್ಕೆ 2.0 ಸೆಂ.ಮೀ., ಎಡಕ್ಕೆ 10.6 ಸೆಂ.ಮೀ. ಒಟ್ಟು 12.6. ಎದೆಯ ಒಳ ಅಗಲ 28 ಸೆಂ.ಮೀ. ಭಾಗಿಸಿದರೆ 45%. ಗಾತ್ರ ಸರಿಯಿದೆ. ಆದರೆ ಹಂಚಿಕೆ ಸರಿಯಿಲ್ಲ. ಬಲಕ್ಕೆ ಇರಬೇಕಾದುದು ಸುಮಾರು 4 ಸೆಂ.ಮೀ. ಇಲ್ಲಿ ಅದರ ಅರ್ಧವಷ್ಟೇ ಇದೆ. ಹೃದಯವೇ ಎಡಕ್ಕೆ ಸರಿದಿದೆ. ಬಲ ಅಂಚು ಬೆನ್ನೆಲುಬಿನ ನೆರಳಿನ ಮೇಲೆಯೇ ಬಿದ್ದಿದೆ. ಅಂಚು ಸಿಗದಿರಲು ಅದೇ ಒಂದು ಕಾರಣ.

ಹೃದಯವನ್ನು ಸರಿಸಿದ್ದು ಯಾವುದು? ಎಡ ಶ್ವಾಸಕೋಶ ಕುಗ್ಗಿ ಎಳೆದಿದೆಯೇ? ಎಡ ವಪೆಯ ಗೆರೆ ಹೃದಯದ ಹಿಂದೆಯೂ ಮುಂದುವರಿದಿದೆ, ಇಳಿಯುವ ಮಹಾಪಧಮನಿಯ ಅಂಚೂ ಇದೆ. ಎಡ ಹೈಲಮ್ ಬಲಕ್ಕಿಂತ 1 ಸೆಂ.ಮೀ. ಮೇಲಿದೆ, ಇರಬೇಕಾದ ಜಾಗದಲ್ಲೇ. ಶ್ವಾಸನಾಳ ನಡುವಿನಲ್ಲಿದೆ. ಕುಗ್ಗಿದ ಲಕ್ಷಣ ಒಂದೂ ಇಲ್ಲ. ಬಲಗಡೆಯ ಅಡ್ಡಗೆರೆಯೂ ಆರನೇ ಪಕ್ಕೆಲುಬಿನ ಮಟ್ಟದಲ್ಲೇ ಇದೆ. ನಡುವಿನ ಹಾಲೆ ಕುಗ್ಗಿದ್ದರೆ ಈ ಗೆರೆ ಕೆಳಕ್ಕೆ ಇಳಿಯುತ್ತಿತ್ತು. ಆ ಹಾಲೆಯಲ್ಲಿ ಕೀವು ತುಂಬಿದ್ದರೆ ಬಿಳುಪು ಈ ಗೆರೆಗೆ ಬಂದು ಕತ್ತರಿಸಿದಂತೆ ನಿಲ್ಲಬಹುದಿತ್ತು. ಇಲ್ಲಿನ ಮಬ್ಬು ಹಾಗಿಲ್ಲ. ಹೃದಯದ ಪಕ್ಕದಲ್ಲಷ್ಟೇ ಇದ್ದು ಹೊರಗೆ ಹೋಗುತ್ತಾ ಕರಗುತ್ತದೆ.

ಉತ್ತರ ಪಕ್ಕೆಲುಬುಗಳಲ್ಲಿ ಇದೆ. ಹಿಂಬದಿಯ ಎಲುಬುಗಳು ಸಾಮಾನ್ಯಕ್ಕಿಂತ ಹೆಚ್ಚು ಅಡ್ಡವಾಗಿವೆ. ಮುಂಬದಿಯವು ಕಡಿದಾಗಿ ಕೆಳಕ್ಕೆ ಇಳಿದಿವೆ. ಎದೆಯ ನಡುವಿನ ಮೂಳೆ ಒಳಕ್ಕೆ ಕುಸಿದಿರುವವರಲ್ಲಿ ಹೀಗೆ ಕಾಣುತ್ತದೆ. ಇದನ್ನು ಪೆಕ್ಟಸ್ ಎಕ್ಸ್‌ಕವೇಟಮ್ ಎನ್ನುತ್ತಾರೆ. ಒಳಕ್ಕೆ ಬಂದ ಮೂಳೆ ಹೃದಯವನ್ನು ಎಡಕ್ಕೆ ತಳ್ಳಿದೆ. ಎದೆಯ ಮುಂಗೋಡೆಯ ಮಾಂಸ ಆ ತಗ್ಗಿನಲ್ಲಿ ಕಿರಣದ ದಾರಿಗೆ ಸಮನಾಗಿ ನಿಂತು ಮಬ್ಬು ಬಿಳುಪನ್ನು ಮೂಡಿಸಿದೆ. ಶ್ವಾಸಕೋಶದಲ್ಲಿ ಏನೂ ಇಲ್ಲ. ಯುವಕನ ಎದೆಯನ್ನು ಕಣ್ಣಾರೆ ನೋಡಿದರೆ ತಗ್ಗು ಸಿಗುತ್ತದೆ. ಪಕ್ಕದಿಂದ ತೆಗೆದ ಫಿಲ್ಮಿನಲ್ಲಿ ಮೂಳೆ ಬೆನ್ನೆಲುಬಿನ ಕಡೆ ಬಾಗಿರುವುದು ನೇರವಾಗಿ ಕಾಣುತ್ತದೆ.

ಇದೇ ಫಿಲ್ಮ್ ಜ್ವರ, ಕೆಮ್ಮು ಇರುವವರದ್ದಾಗಿದ್ದರೆ? ಆಗ ಪೆಕ್ಟಸ್ ಇದೆ ಎಂದು ಸುಮ್ನೆ ಬಿಡುವಂತಿಲ್ಲ, ಏಕೆಂದರೆ ಎರಡೂ ಒಟ್ಟಿಗೆ ಇರಬಹುದು. ಹಳೆಯ ಫಿಲ್ಮ್ ಇದ್ದರೆ ಪಕ್ಕದಲ್ಲಿಟ್ಟು ನೋಡಿ. ಮಬ್ಬು ಆಗಲೂ ಇಷ್ಟೇ ಇತ್ತೇ, ಈಗ ಜಾಸ್ತಿಯಾಗಿದೆಯೇ ಎಂಬುದು ಮುಖ್ಯ. ಇಲ್ಲದಿದ್ದರೆ ಪಕ್ಕದ ಫಿಲ್ಮಿನಲ್ಲಿ ಹೃದಯದ ಮೇಲೆ ಬೀಳುವ ನಡುವಿನ ಹಾಲೆಯ ಜಾಗವನ್ನು ನೋಡಿ. ಅಲ್ಲಿ ಆಪು ಆಕಾರದ ಬಿಳುಪು ಇದ್ದರೆ ಹಾಲೆಯಲ್ಲಿ ನಿಜಕ್ಕೂ ತೊಂದರೆ ಇದೆ. ವರದಿಯಲ್ಲಿ ಬರೆಯುವಾಗ "ಬಲ ಹೃದಯದ ಅಂಚು ಕಾಣುತ್ತಿಲ್ಲ" ಎಂದಷ್ಟೇ ನಿಲ್ಲಿಸಬೇಡಿ. ಫಿಲ್ಮ್ ತಿರುಗಿಲ್ಲ, ಹೃದಯ ಎಡಕ್ಕೆ ಸರಿದಿದೆ, ಅಡ್ಡಗೆರೆ ತನ್ನ ಜಾಗದಲ್ಲಿದೆ, ಮುಂಬದಿಯ ಪಕ್ಕೆಲುಬುಗಳು ಕಡಿದಾಗಿವೆ ಎಂಬ ನಾಲ್ಕು ಮಾತನ್ನೂ ಸೇರಿಸಿ. ಓದುವ ವೈದ್ಯರಿಗೆ ನೀವು ಯಾವ ದಾರಿಯಲ್ಲಿ ಅಲ್ಲಿಗೆ ಬಂದಿರಿ ಎಂದು ಗೊತ್ತಾಗುತ್ತದೆ, ಒಪ್ಪದಿದ್ದರೆ ಎಲ್ಲಿ ಒಪ್ಪುವುದಿಲ್ಲ ಎಂದು ಅವರೂ ಹೇಳಬಹುದು.